ವಾಚನಾಲಯದ ರೆಂಡರ್: ಪುಸ್ತಕದ ಬೆನ್ನ ಮೇಲಿನ ಕನ್ನಡ ಕಲಸಿಹೋಗ್ತಿದೆ, ಎಲ್ಲಿ ತಪ್ಪಿದೀನಿ?

ತುಮಕೂರು_ಡ್ರಾಫ್ಟಿಂಗ್

ತಿಪಟೂರು ಕಡೆ ಒಂದು ಟ್ರಸ್ಟ್‌ನವರು ಹಳೇ ಕೊಬ್ಬರಿ ಗೋದಾಮನ್ನ ವಾಚನಾಲಯ ಮಾಡಿಸ್ತಿದಾರೆ. ಒಳಗಿನ ಡಿಸೈನ್ ನಮ್ಮ ಆಫೀಸಿನದು, ರೆಂಡರ್ ನನ್ನ ತಲೆಗೆ ಕಟ್ಟಿದಾರೆ. ಗೋದಾಮಾದ್ದರಿಂದ ಚಾವಣಿ ಎತ್ತರದಲ್ಲಿದೆ, ಹಾಗಾಗಿ ಒಂಬತ್ತು ಅಡಿಯ ಮರದ ಕಪಾಟುಗಳು. ಮೂರಡಿ ಅಗಲದ್ದು 12, ಒಂದೊಂದಕ್ಕೂ ಏಳು ಖಾನೆ. ಖಾನೆಗೆ 35 ಪುಸ್ತಕ ಅಂತ ಹಿಡಿದರೂ ಹತ್ತಿರಹತ್ತಿರ ಮೂರು ಸಾವಿರ ಪುಸ್ತಕ.

ಬ್ಲೆಂಡರ್‌ನಲ್ಲೇ ಮಾಡಿದೀನಿ. ಬೆಳಕು, ಮೇಜು, ಕಿಟಕಿಯಿಂದ ಬೀಳೋ ಬಿಸಿಲು ಎಲ್ಲ ಚೆನ್ನಾಗೇ ಬಂತು. ಟ್ರಸ್ಟ್‌ನ ಹಿರಿಯರೊಬ್ಬರು ಪ್ರಿಂಟ್ ತಗೊಂಡು ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದು ಯಾವ ಭಾಷೆನಪ್ಪಾ?" ಅಂದ್ರು. ಅಲ್ಲಿಗೆ ಮೀಟಿಂಗ್ ಮುಗೀತು.

ಮಾಡಿದ್ದು ಇಷ್ಟು: ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ ನಲವತ್ತು ಹೆಸರು ಬರೆದು, ನಲವತ್ತನ್ನೂ ಪಕ್ಕಪಕ್ಕ ಇಟ್ಟು ಒಂದು 1024ರ ಚಿತ್ರ ಮಾಡಿಕೊಂಡೆ. ಆ ಚಿತ್ರವನ್ನ ಎಲ್ಲ ಪುಸ್ತಕಕ್ಕೂ ಅಂಟಿಸಿ, ಒಂದೊಂದಕ್ಕೆ ಒಂದೊಂದು ಬರಲಿ ಅಂತ `Object Info` ನೋಡ್‌ನ `Random` ತಗೊಂಡು ಅಡ್ಡಕ್ಕೆ ಸರಿಸಿದೆ. 64 ಸ್ಯಾಂಪಲ್, ಮೇಲೆ ಡೀನಾಯ್ಸ್. ಕ್ಯಾಮರಾ 24 ಎಂಎಂ, ಚಿತ್ರದ ಅಗಲ 3840. ಹತ್ತಿರದ ಕಪಾಟು ಕ್ಯಾಮರಾದಿಂದ 1.2 ಮೀಟರ್, ಎದುರು ಗೋಡೆಯದು 7 ಮೀಟರ್.

ಪಾವಗಡ_ಬಿಸಿಲು

ಬ್ರೋ, ಎಐ ಚಿತ್ರದಲ್ಲಿ ಕನ್ನಡ ಯಾವತ್ತೂ ಸರಿಯಾಗಿ ಬರಲ್ಲ. ಅದಕ್ಕೆ ಅಕ್ಷರ ಗೊತ್ತಿಲ್ಲ, ಅಕ್ಷರದ ಥರ ಕಾಣೋ ಗೀಟು ಎಳೆಯುತ್ತೆ ಅಷ್ಟೆ. ಆ ಭಾಗ ಅಳಿಸಿ ಫೋಟೋಶಾಪ್‌ನಲ್ಲಿ ಮೇಲೆ ಬರೆದುಬಿಡು.

ತುಮಕೂರು_ಡ್ರಾಫ್ಟಿಂಗ್

ಎಐ ಅಲ್ಲ ಗುರು, ಬ್ಲೆಂಡರ್ ಅಂತ ಬರೆದಿದೀನಲ್ಲ. ಅಕ್ಷರ ನಾನೇ ಟೈಪ್ ಮಾಡಿದ್ದು. ಅದಕ್ಕೇ ಇನ್ನೂ ಬೇಜಾರು.

ಶಿರಾ_ಹುಡುಗ

1024ರ ಚಿತ್ರದಲ್ಲಿ ನಲವತ್ತು ಪುಸ್ತಕ ತುರುಕಿದ್ರೆ ಇನ್ನೇನಾಗುತ್ತೆ ಅಣ್ಣಾ. ಒಂದಕ್ಕೆ 25 ಪಿಕ್ಸೆಲ್ ಬಂತು. ಎಲ್ಲದಕ್ಕೂ 8ಕೆ ಟೆಕ್ಸ್ಚರ್ ಹಾಕು, ತಾನಾಗೇ ಸರಿಹೋಗುತ್ತೆ. ನಾನು ಅಡಿಗೆಮನೆ ರೆಂಡರ್‌ನಲ್ಲಿ ಡಬ್ಬಿ ಲೇಬಲ್‌ಗೆ ಹೀಗೇ ಮಾಡಿದ್ದು.

ರೇಷ್ಮೆಗೂಡು

ಶಿರಾ ಹೇಳಿದ್ದರಲ್ಲಿ ಅರ್ಧ ಸರಿ. 25 ಪಿಕ್ಸೆಲ್ ಸಾಲದು. ಆದರೆ ಒಡೆದ ಅಕ್ಷರವನ್ನ 8ಕೆನಲ್ಲಿ ಹಾಕಿದ್ರೆ ಒಡೆದಿರೋದು ಇನ್ನೂ ಚೆನ್ನಾಗಿ ಕಾಣುತ್ತೆ. ಮೂಲ ಚಿತ್ರ, ಅಂದ್ರೆ ಆ ನಲವತ್ತು ಬೆನ್ನುಗಳದ್ದು, ರೆಂಡರ್ ಮಾಡದೆ ಹಾಗೇ ಹಾಕ್ತೀರಾ? ಅದರಲ್ಲೇ ಕನ್ನಡ ಸರಿ ಇದೆಯಾ ಅಂತ ಮೊದಲು ನೋಡೋಣ.

ತುಮಕೂರು_ಡ್ರಾಫ್ಟಿಂಗ್

ಹಾಕಿದೀನಿ. ಈಗ ದೊಡ್ಡದು ಮಾಡಿ ನೋಡಿದ್ರೆ ಅದರಲ್ಲೇ ಎಡವಟ್ಟಾಗಿದೆ. "ಪುಸ್ತಕ" ಅಂತ ಬರೆದ್ರೆ ಸ ಮೇಲೆ ಒಂದು ಕೊಂಬು ನಿಂತು ಪಕ್ಕದಲ್ಲಿ ತ ಬಂದಿದೆ, ತ ಒತ್ತು ಕೆಳಗೆ ಇಳಿದೇ ಇಲ್ಲ. ಪ ಪಕ್ಕದ ಉಕಾರ ದೂರ ಹೋಗಿ ಕೂತಿದೆ. ಅಡ್ಡ ತಿರುಗಿಸಿ ಚಿಕ್ಕದು ಮಾಡಿದ್ದರಿಂದ ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ.

ಕೋಲಾರ_ಡಿಟಿಪಿ

ಇದು ಫಾಂಟ್ ಸಮಸ್ಯೆ ಕಣ್ರೀ, ನೂರಕ್ಕೆ ನೂರು. ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಒಂದ್ಸಲ ಮದುವೆ ಲಗ್ನಪತ್ರಿಕೆಯ ಫೈಲ್ ಬೇರೆ ಊರಿನ ಪ್ರೆಸ್‌ಗೆ ಕಳಿಸಿದ್ದೆ. ಅವರ ಕಂಪ್ಯೂಟರಲ್ಲಿ ನುಡಿ ಫಾಂಟ್ ಇರಲಿಲ್ಲ. ಕನ್ನಡ ಅಂತ ಇದ್ದ ಜಾಗದಲ್ಲೆಲ್ಲ `PÀ£ÀßqÀ` ಅಂತ ಬಂತು. ಪುಣ್ಯಕ್ಕೆ ಪ್ರಿಂಟಿಗೆ ಹೋಗೋ ಮೊದಲು ಫೋನ್ ಮಾಡಿದ್ರು, ಇಲ್ಲಾಂದ್ರೆ ಹೆಣ್ಣಿನ ಕಡೆಯವರು ನನ್ನ ಅಂಗಡಿಗೇ ದಿಬ್ಬಣ ತರ್ತಿದ್ರು. ಫಾಂಟ್ ಬದಲಾಯಿಸಿ ನೋಡಿ.

ರೇಷ್ಮೆಗೂಡು

ಅಣ್ಣಾ, ನಿಮಗಾಗಿದ್ದು ಬೇರೆ, ಇವರಿಗಾಗ್ತಿರೋದು ಬೇರೆ. ನಿಮ್ಮ ಹಳೇ ನುಡಿ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರ್ತಾರೆ. ಫಾಂಟ್ ಇಲ್ಲದ ಕಡೆ ಆ ಇಂಗ್ಲಿಷ್ ಅಕ್ಷರ ಹೊರಗೆ ಕಾಣುತ್ತೆ. ಇವರು ಬಳಸ್ತಿರೋದು ಯೂನಿಕೋಡ್. ಅದರಲ್ಲಿ ಸ, ವಿರಾಮ, ತ ಅಂತ ಮೂರೂ ಸಾಲಾಗಿ ಬರೆದಿರುತ್ತೆ ಅಷ್ಟೆ. ಅವನ್ನ ನೋಡಿ "ಸ್ತ" ಅಂತ ಜೋಡಿಸೋದು ಫಾಂಟ್ ಒಳಗಿನ ನಿಯಮಗಳನ್ನ ಓದೋ ಸಾಫ್ಟ್‌ವೇರ್‌ನ ಕೆಲಸ. ಬ್ರೌಸರ್ ಮಾಡುತ್ತೆ, ಇಂಕ್‌ಸ್ಕೇಪ್ ಮಾಡುತ್ತೆ. ಇವರ ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್ ಮಾಡ್ತಿಲ್ಲ, ಒಂದಾದ ಮೇಲೊಂದು ಜೋಡಿಸಿ ಸುಮ್ಮನಾಗುತ್ತೆ. ಎಷ್ಟು ಫಾಂಟ್ ಬದಲಾಯಿಸಿದ್ರೂ ಅಷ್ಟೆ.

ತಮಾಷೆ ಅಂದ್ರೆ, ನಿಮ್ಮ ಹಳೇ ನುಡಿ ಫಾಂಟ್ ಹಾಕಿ ಆ ಇಂಗ್ಲಿಷ್ ಕಗ್ಗವನ್ನೇ ಬ್ಲೆಂಡರ್‌ಗೆ ಕೊಟ್ರೆ ಕನ್ನಡ ಸರಿಯಾಗಿ ಬರುತ್ತೆ! ಒತ್ತು ಕೂಡ ಅಲ್ಲಿ ಒಂದು ತುಂಡಾಗೇ ಇರೋದರಿಂದ ಜೋಡಿಸೋ ಕೆಲಸವೇ ಇಲ್ಲ.

ಕೋಲಾರ_ಡಿಟಿಪಿ

ನೋಡಿದ್ರಾ, ಕೊನೆಗೂ ನುಡಿಗೇ ಬಂದ್ರಿ.

ರೇಷ್ಮೆಗೂಡು

ಬಂದೆ, ಆದ್ರೆ ಅಲ್ಲೇ ಉಳಿಯಲ್ಲ. ನೂರು ಹೆಸರನ್ನ ಆ ಕಗ್ಗದಲ್ಲಿ ತಿದ್ದುತ್ತಾ ಕೂರೋರು ಯಾರು? ಇಂಕ್‌ಸ್ಕೇಪ್‌ನಲ್ಲಿ ಬರೆದು, 90 ಡಿಗ್ರಿ ತಿರುಗಿಸಿ, ಪಿಎನ್‌ಜಿ ತೆಗೆದು ಟೆಕ್ಸ್ಚರ್ ಆಗಿ ಹಾಕಿ. ಎಸ್‌ವಿಜಿ ಆಗಿ ತರೋದಾದ್ರೆ ಅಕ್ಷರಗಳನ್ನ ಮೊದಲು ಪಾತ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಬ್ಲೆಂಡರ್ ಅವನ್ನ ಬಿಟ್ಟುಬಿಡುತ್ತೆ. ಪೈಥಾನ್ ಗೊತ್ತಿದ್ರೆ ಪಿಲ್ಲೋದಲ್ಲೂ ಮಾಡಬಹುದು, ಆದರೆ ಮೊದಲು ಇದನ್ನ ಓಡಿಸಿ:

```
from PIL import features
print(features.check("raqm"))
```

`True` ಬಂದ್ರೆ ಒತ್ತಕ್ಷರ ಸರಿಯಾಗಿ ಕೂರುತ್ತೆ. `False` ಬಂದ್ರೆ ಮತ್ತೆ ಅದೇ ಕೊಂಬು, ಅದೇ ಕಥೆ.

ತುಮಕೂರು_ಡ್ರಾಫ್ಟಿಂಗ್

ಇಂಕ್‌ಸ್ಕೇಪ್‌ನಲ್ಲಿ ಮಾಡ್ತೀನಿ, ಪೈಥಾನ್ ನನ್ನ ಕೈಲಾಗಲ್ಲ. ಗುಬ್ಬಿ ಫಾಂಟ್ ಹಾಕ್ತಿದೀನಿ, ಹೆಸರು ನಮ್ಮ ಪಕ್ಕದ ತಾಲ್ಲೂಕಿನದು ಅಂತ ಅಭಿಮಾನ.

ಶಿರಾ_ಹುಡುಗ

ಅದು ಹಕ್ಕಿ ಗುಬ್ಬಿ ಇರಬೇಕು ಅಣ್ಣಾ, ಜೊತೆಗೆ ನವಿಲು ಅಂತಲೂ ಒಂದು ಫಾಂಟ್ ಇದೆ.

ತುಮಕೂರು_ಡ್ರಾಫ್ಟಿಂಗ್

ಎರಡು ದಿನದ ಮೇಲೆ ಬಂದಿದೀನಿ. ಮೂಲ ಚಿತ್ರದಲ್ಲಿ ಕನ್ನಡ ಈಗ ಅಚ್ಚುಕಟ್ಟಾಗಿದೆ. 4096ರ ಚಿತ್ರ, 64 ಬೆನ್ನು. ಆದರೆ ರೆಂಡರ್ ಮಾಡಿದ್ರೆ ಇನ್ನೂ ಕಲಸಿದೆ! ಈಗ ಅಕ್ಷರ ಒಂದೊಂದೂ ಸರಿ, ಪುಸ್ತಕ ತಪ್ಪು. ಒಂದೇ ಬೆನ್ನ ಮೇಲೆ ಎಡಗಡೆ ಒಂದು ಹೆಸರಿನ ಕೆಳಭಾಗ, ಬಲಗಡೆ ಇನ್ನೊಂದರ ತಲೆಕಟ್ಟು. "ರಾಗಿ ಬೇಸಾಯ"ದ ಬುಡಕ್ಕೆ "ಸಂಜೆಯ ಪತ್ರಗಳು" ಅಂಟಿಕೊಂಡಿದೆ.

ರೇಷ್ಮೆಗೂಡು

ಇದು ಎರಡನೇ ಖಾಯಿಲೆ. `Random` ಕೊಡೋದು 0ರಿಂದ 1ರೊಳಗಿನ ಯಾವುದಾದರೂ ಸಂಖ್ಯೆ, 0.3718 ಅಂತ ಇಟ್ಕೊಳ್ಳಿ. ಅದನ್ನ ನೇರ ಸರಿಸಿದ್ರೆ ಚಿತ್ರ ಒಂದು ಬೆನ್ನಿನ ಮಧ್ಯಕ್ಕೆ ಬಂದು ನಿಲ್ಲುತ್ತೆ. ನಿಮಗೆ ಬೇಕಾಗಿರೋದು ಒಂದು ಅಂಕಣದಿಂದ ಇನ್ನೊಂದು ಅಂಕಣಕ್ಕೆ ಪೂರ್ತಿ ಹೆಜ್ಜೆ. ಹಾಗಾಗಿ ಮೊದಲು ಅದನ್ನ ಪೂರ್ಣಾಂಕ ಮಾಡಬೇಕು.

ಲೆಕ್ಕ ಹೀಗಿಟ್ಟುಕೊಳ್ಳಿ. 4096ರ ಚಿತ್ರದಲ್ಲಿ ಒಂದು ಬೆನ್ನಿಗೆ 128 ಪಿಕ್ಸೆಲ್ ಅಗಲ ಕೊಟ್ರೆ ಅಡ್ಡಕ್ಕೆ 32 ಬರುತ್ತೆ. ಡೆಮಿ 1/8 ಪುಸ್ತಕದ ಎತ್ತರ ಇಪ್ಪತ್ತೊಂದೂವರೆ ಸೆಂಟಿಮೀಟರ್ ಅಂದ್ರೆ, ಬೆನ್ನು ಎರಡೂವರೆ ಸೆಂಟಿಮೀಟರ್ ದಪ್ಪ ಇದ್ದಾಗ ಉದ್ದಕ್ಕೆ ಸುಮಾರು 1100 ಪಿಕ್ಸೆಲ್. ಮೂರು ಸಾಲು ಆರಾಮಾಗಿ ಕೂರುತ್ತೆ. ಒಟ್ಟು 96 ಬೆನ್ನು.

```
n      = floor(Random * 96)
column = n mod 32
row    = floor(n / 32)
U = U + column / 32
V = V + row / 3
```

ಇದಿಷ್ಟನ್ನೂ `Math` ನೋಡ್‌ಗಳಲ್ಲೇ ಮಾಡಬಹುದು. ಮೂಲ ಪುಸ್ತಕದ ಬೆನ್ನಿನ ಯುವಿ ಮಾತ್ರ ಎಡ ಕೆಳಮೂಲೆಯ ಒಂದು ಚೌಕದೊಳಗೆ ಸರಿಯಾಗಿ ಕೂತಿರಬೇಕು. ಪಕ್ಕದ ಬೆನ್ನಿನ ಬಣ್ಣ ಸೋರದ ಹಾಗೆ ಅಂಚಿನಲ್ಲಿ ನಾಲ್ಕು ಪಿಕ್ಸೆಲ್ ಖಾಲಿ ಬಿಡಿ.

ಇನ್ನೊಂದು. ಪುಸ್ತಕಗಳನ್ನ ಜಾಮಿಟ್ರಿ ನೋಡ್‌ನಲ್ಲಿ ಹರಡಿದ್ರೆ ಕೊನೆಯಲ್ಲಿ `Realize Instances` ಹಾಕಬೇಡಿ. ಹಾಕಿದ್ರೆ ಮೂರು ಸಾವಿರವೂ ಸೇರಿ ಒಂದೇ ವಸ್ತು, ಒಂದೇ `Random`. ಇಡೀ ವಾಚನಾಲಯದಲ್ಲಿ ಒಂದೇ ಪುಸ್ತಕ.

ಶಿರಾ_ಹುಡುಗ

ನಾನಂತೂ ಇನ್ನೂ 8ಕೆ ಪಾರ್ಟಿನೇ. 128 ಪಿಕ್ಸೆಲ್ ಸಾಕಾಗುತ್ತಾ?

ರೇಷ್ಮೆಗೂಡು

ಲೆಕ್ಕ ಹಾಕೋಣ. 24 ಎಂಎಂ ಲೆನ್ಸ್, 36 ಎಂಎಂ ಸೆನ್ಸರ್. ದೂರ ಎಷ್ಟೋ ಅದರ ಒಂದೂವರೆ ಪಟ್ಟು ಅಗಲ ಕಾಣುತ್ತೆ. 1.2 ಮೀಟರ್ ದೂರದಲ್ಲಿ 1.8 ಮೀಟರ್ ಅಗಲ, ಅದು 3840 ಪಿಕ್ಸೆಲ್‌ಗೆ ಹರಡಿದ್ರೆ ಸೆಂಟಿಮೀಟರಿಗೆ 21. ಎರಡೂವರೆ ಸೆಂಟಿಮೀಟರ್ ಬೆನ್ನಿಗೆ 53 ಪಿಕ್ಸೆಲ್. ನಿಮ್ಮ ಹತ್ತಿರ 128 ಇದೆ, ಎರಡು ಪಟ್ಟಿಗಿಂತ ಜಾಸ್ತಿ. 1.2 ಸೆಂಟಿಮೀಟರ್ ಎತ್ತರದ ಅಕ್ಷರ 25 ಪಿಕ್ಸೆಲ್ ಆಗುತ್ತೆ, ಒತ್ತು ಸಮೇತ ಓದಬಹುದು.

ಅದೇ 7 ಮೀಟರ್ ದೂರದ ಗೋಡೆಯಲ್ಲಿ ಸೆಂಟಿಮೀಟರಿಗೆ ನಾಲ್ಕು ಪಿಕ್ಸೆಲ್ ಕೂಡ ಇಲ್ಲ. ಅಕ್ಷರ ನಾಲ್ಕು ಪಿಕ್ಸೆಲ್. 8ಕೆ ಅಲ್ಲ, 80ಕೆ ಹಾಕಿದ್ರೂ ಓದೋಕಾಗಲ್ಲ, ಓದೋಕಾಗಬಾರದು ಕೂಡ. ನಿಜವಾದ ಫೋಟೋದಲ್ಲೂ ಅಲ್ಲಿ ಬಣ್ಣದ ಪಟ್ಟಿ ಮೇಲೆ ಒಂದು ತೆಳ್ಳಗಿನ ಗೆರೆ ಅಷ್ಟೇ ಕಾಣೋದು.

ತುಮಕೂರು_ಡ್ರಾಫ್ಟಿಂಗ್

ಆದರೆ ನನ್ನ ಚಿತ್ರದಲ್ಲಿ ದೂರದ ಗೋಡೆಯಲ್ಲಿ ಗೆರೆ ಅಲ್ಲ, ಅಕ್ಷರದ ಥರ ಹುಳ ಹುಳ ಇದೆ.

ರೇಷ್ಮೆಗೂಡು

ಅದು ಡೀನಾಯ್ಸರ್ ಕೆಲಸ. 64 ಸ್ಯಾಂಪಲ್‌ನಲ್ಲಿ ಆ ಚಿಕ್ಕ ಅಕ್ಷರಗಳು ಕಾಳು ಕಾಳಾಗಿ ಬಂದಿರುತ್ತೆ. ಯಾವುದು ಕಾಳು, ಯಾವುದು ಮಸಿ ಅಂತ ಅದಕ್ಕೆ ಗೊತ್ತಾಗದೆ ಎರಡನ್ನೂ ಬಳಿದು ಒಂದು ಆಕಾರ ಮಾಡುತ್ತೆ. ಡೀನಾಯ್ಸ್ ತೆಗೆದು ಒಂದ್ಸಲ ರೆಂಡರ್ ಮಾಡಿ. ಹುಳ ಹೋಗಿ ಬರೀ ಕಾಳು ಕಂಡ್ರೆ ಕಳ್ಳ ಅದೇ. `Albedo and Normal` ಆನ್ ಇರಲಿ, ಸ್ಯಾಂಪಲ್ 512 ಮಾಡಿ. ದೂರದ ಕಪಾಟಿಗೆ ಬೇಕಾದ್ರೆ ಅಕ್ಷರವೇ ಇಲ್ಲದ, ಬರೀ ಪಟ್ಟಿ ಇರೋ ಇನ್ನೊಂದು ಚಿತ್ರ ಹಾಕಿ.

ನಿವೃತ್ತ_ಗ್ರಂಥಪಾಲಕಿ

ನಮಸ್ಕಾರ. ಕಂಪ್ಯೂಟರ್ ಮಾತು ನನಗೆ ಅಷ್ಟಾಗಿ ತಿಳಿಯುವುದಿಲ್ಲ, ಮಗ ತೋರಿಸಿದ ಎಂದು ಚಿತ್ರ ನೋಡಿದೆ. ಮೂವತ್ತು ವರ್ಷ ಈ ಬೆನ್ನುಗಳನ್ನೇ ನೋಡಿದವಳು, ಒಂದೆರಡು ಮಾತು ಹೇಳಲೇ?

ನಿಮ್ಮದು ಗ್ರಂಥಾಲಯದ ಹಾಗೆ ಕಾಣುತ್ತಿಲ್ಲ, ಪುಸ್ತಕದಂಗಡಿಯ ಹಾಗೆ ಕಾಣುತ್ತಿದೆ. ಎಲ್ಲದರ ಬೆನ್ನ ಮೇಲೂ ಹೆಸರು ಹೊಳೆಯುತ್ತಿದೆ. ನಮ್ಮಲ್ಲಿ ಹಾಗಿರುವುದಿಲ್ಲಪ್ಪ. ನೂರು ಪುಟದ ಪುಸ್ತಕದ ಬೆನ್ನು ಅರ್ಧ ಸೆಂಟಿಮೀಟರ್, ಅದರ ಮೇಲೆ ಹೆಸರು ಹಾಕುವುದಕ್ಕೆ ಜಾಗವೇ ಇಲ್ಲ. ಹರಿದು ರಟ್ಟು ಕಟ್ಟಿಸಿದ ಪುಸ್ತಕಗಳಿಗೆ ಮೂಲ ಬೆನ್ನೇ ಹೋಗಿರುತ್ತದೆ. ಕೆಂಪೋ ಕಪ್ಪೋ ರೆಕ್ಸಿನ್, ಅದರ ಮೇಲೆ ಬೈಂಡರ್ ಕೈಬರಹದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳ ಕಟ್ಟುಗಳಿಗೆ ವರ್ಷ ಮಾತ್ರ. ಕಾದಂಬರಿ ಖಾನೆಯಲ್ಲಿ ಬೆನ್ನಿನ ಮೇಲ್ತುದಿ ಸವೆದು ಕಿತ್ತಿರುತ್ತದೆ, ಯಾಕೆಂದರೆ ಎಲ್ಲರೂ ಅಲ್ಲಿಗೇ ಬೆರಳು ಹಾಕಿ ಎಳೆಯುವುದು.

ಮುಖ್ಯವಾಗಿ ಲೇಬಲ್. ಅದು ಕಾಣಲೇ ಇಲ್ಲವಲ್ಲ? ಕೆಳಗಿನಿಂದ ಒಂದು ಇಂಚು ಬಿಟ್ಟು ಬಿಳಿ ಚೀಟಿ ಅಂಟಿಸುತ್ತಿದ್ದೆವು. ಪುಸ್ತಕ ಎತ್ತರವಿರಲಿ ಗಿಡ್ಡವಿರಲಿ, ಚೀಟಿ ಒಂದೇ ಮಟ್ಟಕ್ಕೆ. ದೂರದಿಂದ ನೋಡಿದರೆ ಇಡೀ ಖಾನೆಗೆ ಒಂದು ಬಿಳಿ ದಾರ ಎಳೆದ ಹಾಗಿರಬೇಕು.

ತುಮಕೂರು_ಡ್ರಾಫ್ಟಿಂಗ್

ಅಮ್ಮಾ, ಇದನ್ನ ಮೊದಲೇ ಹೇಳಿದ್ರೆ 96 ಹೆಸರು ಯೋಚನೆ ಮಾಡೋ ಕಷ್ಟ ತಪ್ಪುತ್ತಿತ್ತು! ಅರ್ಧದಷ್ಟು ಖಾಲಿ ರೆಕ್ಸಿನ್ ಸಾಕು.

ರೇಷ್ಮೆಗೂಡು

ಮೇಡಂ ಹೇಳಿದ್ದರಿಂದ ಇನ್ನೊಂದು ತಪ್ಪು ಸಿಕ್ಕಿತು. ನೀವು ಒಂದೇ ಪುಸ್ತಕ ಇಟ್ಟುಕೊಂಡು ಎತ್ತರ, ದಪ್ಪ ಮಾತ್ರ ಹಿಗ್ಗಿಸಿ ಕುಗ್ಗಿಸಿದೀರಿ ಅಲ್ವಾ? ಅಕ್ಷರವೂ ಅದರ ಜೊತೆ ಎಳೆದುಕೊಂಡಿದೆ. ನಿಮ್ಮ ದಪ್ಪ ಪುಸ್ತಕಗಳಲ್ಲಿ "ರ" ನೋಡಿ, ಬದನೆಕಾಯಿ ಆಗಿದೆ. ಕನ್ನಡದ ದುಂಡು ಅಕ್ಷರದಲ್ಲಿ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತೆ. ಮೂರು ಮೂಲ ಪುಸ್ತಕ ಮಾಡಿ: ಒಂದು ಸೆಂಟಿಮೀಟರಿನದು ಹೆಸರಿಲ್ಲದೆ, ಎರಡೂವರೆಯದು, ನಾಲ್ಕರದು. ಒಂದೊಂದಕ್ಕೂ ಬೇರೆ ಚಿತ್ರ. ಹಿಗ್ಗಿಸೋದು ನೂರಕ್ಕೆ ಐದರಷ್ಟು ಮಾತ್ರ. ಲೇಬಲ್ ಬೆನ್ನಿನ ಚಿತ್ರದೊಳಗೆ ಇಡಬೇಡಿ, ಪುಸ್ತಕ ಹಿಗ್ಗಿದ್ರೆ ಅದೂ ಮೇಲೆ ಕೆಳಗೆ ಆಗುತ್ತೆ. ಬೇರೆ ಚಿಕ್ಕ ಹಾಳೆಯಾಗಿ ಖಾನೆಯ ತಳದಿಂದ ಅಳೆದು ಇಡಿ.

ತುಮಕೂರು_ಡ್ರಾಫ್ಟಿಂಗ್

ಲೇಬಲ್ ಮೇಲೆ ಏನು ಬರೀಲಿ? ಸದ್ಯಕ್ಕೆ ಬಾಯಿಗೆ ಬಂದ ನಂಬರ್ ಹಾಕಿದೀನಿ, 412, 77, 908 ಅಂತ.

ನಿವೃತ್ತ_ಗ್ರಂಥಪಾಲಕಿ

ಅಯ್ಯೋ, ಹಾಗೆ ಮಾಡಬೇಡಿ. ಪುಸ್ತಕದ ಹೆಸರು ತಪ್ಪಾದರೆ ಓದುಗರಿಗೆ ಕಾಣುತ್ತದೆ, ನಂಬರ್ ತಪ್ಪಾದರೆ ನಮಗೆ ಕಾಣುತ್ತದೆ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ಕಾವ್ಯ 894.8141, ನಾಟಕ 894.8142, ಕಥೆ ಕಾದಂಬರಿ 894.8143. ಹತ್ತಿರದ ಖಾನೆಯನ್ನು ಕಾದಂಬರಿ ಎಂದು ಇಟ್ಟುಕೊಳ್ಳಿ, ಎಲ್ಲ ಚೀಟಿಗೂ ಅದೊಂದೇ ನಂಬರ್, ಕೆಳಗೆ ಲೇಖಕರ ಹೆಸರಿನ ಮೊದಲ ಅಕ್ಷರಗಳು ಎಡದಿಂದ ಬಲಕ್ಕೆ ಅಕಾರಾದಿಯಾಗಿ. ಒಂದೇ ಪುಸ್ತಕದ ಎರಡು ಮೂರು ಪ್ರತಿ ಒಟ್ಟಿಗೆ ಇದ್ದರೆ ಇನ್ನೂ ಸಹಜ. ಆದರೆ ಅದೇ ಪುಸ್ತಕ ಆ ಮೂಲೆಯ ಕಪಾಟಿನಲ್ಲೂ ಕಂಡರೆ ಯಾರೋ ತಪ್ಪು ಜಾಗದಲ್ಲಿ ಇಟ್ಟಿದ್ದಾರೆ ಎಂದು ನನ್ನ ಕೈ ತುರಿಸುತ್ತದೆ.

ಶಿರಾ_ಹುಡುಗ

ಇದನ್ನೆಲ್ಲ ಯಾರು ನೋಡ್ತಾರೆ ಮೇಡಂ, ರೆಂಡರ್‌ನಲ್ಲಿ?

ನಿವೃತ್ತ_ಗ್ರಂಥಪಾಲಕಿ

ನಾನು ನೋಡಿದೆನಲ್ಲಪ್ಪ.

ಕೋಲಾರ_ಡಿಟಿಪಿ

ಇನ್ನೊಂದು ವಿಷಯ. ಹೆಸರು ಮೇಲಿಂದ ಕೆಳಕ್ಕೆ ಓದೋ ಹಾಗೆ ಇರಬೇಕು. ನಾವು ಮುಖಪುಟ ಮಾಡೋದೆಲ್ಲ ಹಾಗೇ. ಪುಸ್ತಕವನ್ನ ಮುಖಪುಟ ಮೇಲಾಗಿ ಮೇಜಿನ ಮೇಲೆ ಮಲಗಿಸಿದ್ರೆ ಬೆನ್ನಿನ ಹೆಸರು ನೆಟ್ಟಗೆ ಕಾಣಬೇಕು. ಇವರ ಚಿತ್ರದಲ್ಲಿ ಕೆಲವು ಉಲ್ಟಾ ಇವೆ, ತಪ್ಪು.

ಪಾವಗಡ_ಬಿಸಿಲು

ನಮ್ಮನೆ ಕಪಾಟಲ್ಲಿ ಈಗಷ್ಟೇ ನೋಡಿದೆ. 23 ಕನ್ನಡ ಪುಸ್ತಕದಲ್ಲಿ 6 ಕೆಳಗಿಂದ ಮೇಲಕ್ಕೆ ಇವೆ. ಅದರಲ್ಲಿ ಎರಡು ಹೊಸವು.

ಕೋಲಾರ_ಡಿಟಿಪಿ

ಆ ಆರೂ ತಪ್ಪೇ.

ರೇಷ್ಮೆಗೂಡು

ತಪ್ಪೋ ಸರಿಯೋ, ಕಪಾಟಲ್ಲಿ ಇವೆಯಲ್ಲ. ಸ್ವಲ್ಪ ಉಲ್ಟಾ ಇರಲಿ ಬಿಡಿ. ಆದರೆ ಕನ್ನಡಿಯಲ್ಲಿ ಕಂಡ ಹಾಗಿರೋ ಅಕ್ಷರ ಬೇರೆ, ಅದು ನಿಜವಾದ ತಪ್ಪು. ಎದುರು ಸಾಲಿನ ಕಪಾಟನ್ನ ಮಿರರ್ ಮಾಡಿದೀರ ಅಂತ ಕಾಣುತ್ತೆ. ಮಿರರ್ ತೆಗೆದು 180 ಡಿಗ್ರಿ ತಿರುಗಿಸಿ.

ತುಮಕೂರು_ಡ್ರಾಫ್ಟಿಂಗ್

ಹೌದು, ಸ್ಕೇಲ್ ಮೈನಸ್ 1 ಇತ್ತು. ಸರಿಮಾಡಿದೆ.

ಹೊಸ ರೆಂಡರ್ ಹಾಕಿದೀನಿ. ಹತ್ತಿರದ ಎರಡು ಕಪಾಟಿಗೆ ಮಾತ್ರ ಓದೋಕೆ ಬರೋ ಹೆಸರು. ಚಿತ್ರದಲ್ಲಿ 52 ಬೆನ್ನಿಗೆ ಹೆಸರಿದೆ, 44 ಖಾಲಿ ರೆಕ್ಸಿನ್. ಕಣ್ಣಿನ ಮಟ್ಟದ ಖಾನೆ ಒಂದರಲ್ಲಿ `Random` ತೆಗೆದು ಕೈಯಿಂದಲೇ ಜೋಡಿಸಿದೆ, ಲೇಬಲ್ ಅಕಾರಾದಿಯಲ್ಲಿದೆ ಅಮ್ಮಾ. ದೂರದ ಗೋಡೆಗೆ ಬರೀ ಪಟ್ಟಿ ಮತ್ತು ಬಿಳಿ ದಾರ. ಪುಸ್ತಕದ ಹೆಸರು, ಲೇಖಕರು ಎಲ್ಲ ನಾನೇ ಹುಟ್ಟಿಸಿದ್ದು. 64 ಸ್ಯಾಂಪಲ್‌ಗೆ 11 ನಿಮಿಷ ಆಗ್ತಿದ್ದದ್ದು 512ಕ್ಕೆ ಒಂದೂ ಕಾಲು ಗಂಟೆ ಆಯ್ತು, ಊಟ ಮಾಡಿ ಬಂದೆ.

ಒಂದು ಉಳಿದಿದೆ. ಬಲಗಡೆ ಗಾಜಿನ ಬಾಗಿಲಿನ ಬೀರು ಇದೆ, ಅಪರೂಪದ ಪುಸ್ತಕಕ್ಕೆ. ಅದರೊಳಗಿನ ಬೆನ್ನುಗಳು ಇನ್ನೂ ಬಳಿದ ಹಾಗಿವೆ.

ಶಿರಾ_ಹುಡುಗ

ಸ್ಯಾಂಪಲ್ 2000 ಮಾಡಿ.

ರೇಷ್ಮೆಗೂಡು

ಗಾಜು ತೆಗೆದು ಒಂದ್ಸಲ ಹೊಡೆದು ನೋಡಿ. ಚೆನ್ನಾಗಿ ಬಂದ್ರೆ ಗಾಜಿನ ಮೆಟೀರಿಯಲ್‌ನಲ್ಲೇ ಏನೋ ಇದೆ, `Roughness` ಸೊನ್ನೆ ಇದೆಯಾ ಮೊದಲು ನೋಡಿ. ಇದ್ದೂ ಹಾಗೇ ಬಂದ್ರೆ ಫೈಲ್ ಕಳಿಸಿ, ಭಾನುವಾರ ನೋಡ್ತೀನಿ.

ನಿವೃತ್ತ_ಗ್ರಂಥಪಾಲಕಿ

ಹೊಸ ಚಿತ್ರ ನೋಡಿದೆ. ಕಾದಂಬರಿ ಖಾನೆ ನಮ್ಮ ಹಳೆಯ ಗ್ರಂಥಾಲಯದ್ದೇ ಎನ್ನಿಸಿತು, ಸಂತೋಷ. ಒಂದು ಪ್ರಶ್ನೆ ಮಾತ್ರ. ಕಪಾಟು ಒಂಬತ್ತು ಅಡಿ ಎನ್ನುತ್ತೀರಿ, ಮೇಲಿನ ಎರಡು ಖಾನೆಯ ಪುಸ್ತಕ ತೆಗೆಯುವುದು ಹೇಗೆ? ಏಣಿ ಎಲ್ಲೂ ಕಾಣಲಿಲ್ಲ.

ತುಮಕೂರು_ಡ್ರಾಫ್ಟಿಂಗ್

ಏಣಿ ಡಿಸೈನ್‌ನಲ್ಲೇ ಇಲ್ಲ ಅಮ್ಮಾ. ನಾಳೆ ಬೆಳಿಗ್ಗೆ ಆಫೀಸಲ್ಲಿ ಕೇಳ್ತೀನಿ.